ಐದು ಹಿಟ್ಟು, ಒಂದು ತಕ್ಕಡಿ

ಮಕ್ಕಳೇ, ಅಜ್ಜ ಅಜ್ಜಿಯರೇ, ಈ ವಾರ ನಮ್ಮ ಅಂಕಣಕ್ಕೆ ವಿಷಯ ಕೊಟ್ಟವಳು ತುಮಕೂರು ಕಡೆಯ ಒಬ್ಬ ಏಳನೇ ತರಗತಿಯ ಹುಡುಗಿ. ಅವಳ ಕಾಗದ ಚಿಕ್ಕದು, ಪ್ರಶ್ನೆ ದೊಡ್ಡದು.

"ನಮ್ಮ ತಾತನಿಗೆ ಸಕ್ಕರೆ ಕಾಯಿಲೆ ಇದೆ. ಮೊದಲು ರಾತ್ರಿ ಮೂರು ಚಪಾತಿ ತಿನ್ನುತ್ತಿದ್ದರು. ರಾಗಿಯಲ್ಲಿ ಸಕ್ಕರೆ ಇಲ್ಲ ಎಂದು ಯಾರೋ ಹೇಳಿದ ಮೇಲೆ ಚಪಾತಿ ಬಿಟ್ಟು ಎರಡು ಮುದ್ದೆ ಉಣ್ಣುತ್ತಿದ್ದಾರೆ. ಆದರೆ ಊಟದ ನಂತರ ಮಾಡಿಸುವ ರಕ್ತಪರೀಕ್ಷೆಯಲ್ಲಿ ಸಕ್ಕರೆ ಮೊದಲಿಗಿಂತ ಜಾಸ್ತಿ ಬಂದಿದೆ. ರಾಗಿ ಒಳ್ಳೆಯದಲ್ಲವೇ? ಅಜ್ಜಿಗೆ ಬೇಜಾರಾಗಿದೆ."

ಅಜ್ಜಿ ಬೇಜಾರು ಮಾಡಿಕೊಳ್ಳುವುದು ಬೇಡ. ರಾಗಿಯ ತಪ್ಪೂ ಇಲ್ಲ, ಅಜ್ಜಿಯ ತಪ್ಪೂ ಇಲ್ಲ. ಲೆಕ್ಕ ಎಲ್ಲಿ ಜಾರಿತು ಎಂದು ತಿಳಿಯಲು ನಾವು ಐದು ಹಿಟ್ಟುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕು. ರಾಗಿ, ಜೋಳ, ಸಜ್ಜೆ, ನವಣೆ ಮತ್ತು ಗೋಧಿ. ಪ್ರತಿಯೊಂದೂ 100 ಗ್ರಾಂ. ಒಣ ಹಿಟ್ಟು, ಇನ್ನೂ ನೀರು ತಾಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರಗಳಲ್ಲಿ ಏನೇನಿದೆ ಎಂದು ಪರೀಕ್ಷಿಸಿ ಒಂದು ಪುಸ್ತಕ ಮಾಡಿದೆ. ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಆ ಪುಸ್ತಕದಲ್ಲಿ ನಮ್ಮ ಐದೂ ಧಾನ್ಯಗಳು ಒಟ್ಟಿಗೆ ಸಿಗುತ್ತವೆ. 100 ಗ್ರಾಂನಲ್ಲಿ ಎಷ್ಟೆಷ್ಟಿದೆ, ನೋಡಿ.

ರಾಗಿ: ಪ್ರೋಟೀನ್ 7.3 ಗ್ರಾಂ, ಕಾರ್ಬೋಹೈಡ್ರೇಟ್ 72.0 ಗ್ರಾಂ
ಜೋಳ: ಪ್ರೋಟೀನ್ 10.4 ಗ್ರಾಂ, ಕಾರ್ಬೋಹೈಡ್ರೇಟ್ 72.6 ಗ್ರಾಂ
ಸಜ್ಜೆ: ಪ್ರೋಟೀನ್ 11.6 ಗ್ರಾಂ, ಕಾರ್ಬೋಹೈಡ್ರೇಟ್ 67.5 ಗ್ರಾಂ
ನವಣೆ: ಪ್ರೋಟೀನ್ 12.3 ಗ್ರಾಂ, ಕಾರ್ಬೋಹೈಡ್ರೇಟ್ 60.9 ಗ್ರಾಂ
ಗೋಧಿ ಹಿಟ್ಟು: ಪ್ರೋಟೀನ್ 12.1 ಗ್ರಾಂ, ಕಾರ್ಬೋಹೈಡ್ರೇಟ್ 69.4 ಗ್ರಾಂ

ಮೊದಲು ರಾಗಿಯ ಸಾಲನ್ನೂ ಗೋಧಿಯ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಿ. ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಗೋಧಿಗಿಂತ ಕಡಿಮೆ ಇಲ್ಲ, ಎರಡೂವರೆ ಗ್ರಾಂನಷ್ಟು ಹೆಚ್ಚೇ ಇದೆ. ಧಾನ್ಯದ ಕಾರ್ಬೋಹೈಡ್ರೇಟ್ ಎಂದರೆ ಬಹುಪಾಲು ಪಿಷ್ಟ. ಪಿಷ್ಟ ನಾಲಗೆಗೆ ಸಿಹಿಯಲ್ಲ. ಆದರೆ ಹೊಟ್ಟೆಯೊಳಗೆ ಹೋಗಿ ಜೀರ್ಣವಾದಾಗ ಅದು ಗ್ಲೂಕೋಸ್ ಎಂಬ ಸಕ್ಕರೆಯೇ ಆಗುತ್ತದೆ. "ರಾಗಿಯಲ್ಲಿ ಸಕ್ಕರೆ ಇಲ್ಲ" ಎನ್ನುವ ಮಾತು ನಾಲಗೆಯ ಮಟ್ಟಿಗೆ ನಿಜ, ರಕ್ತದ ಮಟ್ಟಿಗೆ ನಿಜವಲ್ಲ.

ತಾತನ ತಟ್ಟೆಗೆ ಹೋಗುವ ಮುಂಚೆ ಈ ಅಂಕಿಗಳು ಎಲ್ಲಿಂದ ಬಂದವು ಎಂದು ಸ್ವಲ್ಪ ತಿಳಿದುಕೊಳ್ಳೋಣ. ಅದು ತಿಳಿಯದಿದ್ದರೆ ಎರಡು ಪುಸ್ತಕಗಳಲ್ಲಿ ಎರಡು ಉತ್ತರ ಕಂಡಾಗ ತಲೆ ಕೆಡುತ್ತದೆ.

ಕಾರ್ಬೋಹೈಡ್ರೇಟಿನ ಅಂಕಿಯನ್ನು ಈ ಪಟ್ಟಿಯಲ್ಲಿ ಯಾರೂ ನೇರವಾಗಿ ಅಳೆದಿಲ್ಲ. ಅದು ಕಳೆಯುವ ಲೆಕ್ಕದಿಂದ ಬಂದದ್ದು. 100 ಗ್ರಾಂ ರಾಗಿ ತೆಗೆದುಕೊಳ್ಳಿ. ಅದನ್ನು ಒಣಗಿಸಿ ತೂಗಿದರೆ 13.1 ಗ್ರಾಂ ನೀರಿನಂಶ ಹೋಗಿರುತ್ತದೆ. ಒಣಗಿದಂತೆ ಕಾಣುವ ಹಿಟ್ಟಿನಲ್ಲೂ ಅಷ್ಟು ನೀರಿರುತ್ತದೆ! ಪ್ರೋಟೀನ್ 7.3 ಗ್ರಾಂ. ಜಿಡ್ಡು 1.3 ಗ್ರಾಂ. ಪೂರ್ತಿ ಸುಟ್ಟ ಮೇಲೆ ಉಳಿಯುವ ಬೂದಿ, ಅಂದರೆ ಖನಿಜಗಳು, 2.7 ಗ್ರಾಂ. ನಾರು 3.6 ಗ್ರಾಂ. ಇಷ್ಟನ್ನೂ ಕೂಡಿ. 28 ಬಂತೇ? 100ರಲ್ಲಿ 28 ಕಳೆದರೆ 72. ಅದೇ ರಾಗಿಯ ಕಾರ್ಬೋಹೈಡ್ರೇಟ್.

ಇದು ಅಜ್ಜಿ ತಿಂಗಳ ಕೊನೆಯಲ್ಲಿ ಮಾಡುವ ಲೆಕ್ಕದ ಹಾಗೆಯೇ. ಹಾಲಿಗೆ ಇಷ್ಟು, ತರಕಾರಿಗೆ ಇಷ್ಟು, ಉಳಿದದ್ದು ಡಬ್ಬಿಯಲ್ಲಿ ಇರಬೇಕು ಎನ್ನುತ್ತಾರಲ್ಲ, ಹಾಗೆ. ಈ ಲೆಕ್ಕದಲ್ಲಿ ಒಂದು ಖರ್ಚನ್ನು ಹೆಚ್ಚು ಬರೆದರೆ ಉಳಿಕೆ ತಾನಾಗಿ ಕಡಿಮೆಯಾಗುತ್ತದೆ.

ಅದೇ ಸಂಸ್ಥೆ 2017ರಲ್ಲಿ ಹೊಸ ಪಟ್ಟಿ ಹೊರತಂದಾಗ ಆದದ್ದೂ ಇದೇ. ಹೊಸ ಪಟ್ಟಿಯಲ್ಲಿ ರಾಗಿಯ ಕಾರ್ಬೋಹೈಡ್ರೇಟ್ 72 ಅಲ್ಲ, ಸುಮಾರು 66.8. ರಾಗಿ ಬದಲಾಯಿತೇ? ಬದಲಾದದ್ದು ಮುಖ್ಯವಾಗಿ ನಾರನ್ನು ಅಳೆಯುವ ವಿಧಾನ. ಹಿಂದೆ ಹಿಟ್ಟನ್ನು ಆಮ್ಲದಲ್ಲೂ ಆಮೇಲೆ ಕ್ಷಾರದಲ್ಲೂ ಕುದಿಸಿ, ಕರಗದೆ ಉಳಿದದ್ದನ್ನು ಮಾತ್ರ ನಾರು ಎನ್ನುತ್ತಿದ್ದರು. ಆ ಕುದಿತದಲ್ಲಿ ಎಷ್ಟೋ ನಾರು ಕರಗಿ ಹೋಗುತ್ತಿತ್ತು. ಈಗ ನಮ್ಮ ಕರುಳಿನಲ್ಲಿ ನಡೆಯುವ ಜೀರ್ಣಕ್ರಿಯೆಯನ್ನು ಹೋಲುವಂತೆ ಕಿಣ್ವಗಳನ್ನು ಹಾಕಿ, ಅವಕ್ಕೂ ಜಗ್ಗದೆ ಉಳಿದದ್ದನ್ನೆಲ್ಲ ನಾರೆಂದು ಲೆಕ್ಕ ಹಿಡಿಯುತ್ತಾರೆ. ಹೀಗಾಗಿ ರಾಗಿಯ ನಾರು 3.6ರಿಂದ ಸುಮಾರು 11 ಗ್ರಾಂಗೆ ಏರಿತು. ಖರ್ಚಿನ ಪಟ್ಟಿ ಉದ್ದವಾಯಿತು, ಉಳಿಕೆ ಕಡಿಮೆಯಾಯಿತು. ಹೊಸ ಪಟ್ಟಿಯಲ್ಲಿ ಗೋಧಿ ಹಿಟ್ಟೂ ಇಳಿದು ಸುಮಾರು 64.2ಕ್ಕೆ ಬಂದಿದೆ. ಆದ್ದರಿಂದ ರಾಗಿಯ ಅಂಕಿಯನ್ನು ಹೊಸ ಪುಸ್ತಕದಿಂದಲೂ ಗೋಧಿಯ ಅಂಕಿಯನ್ನು ಹಳೆಯದರಿಂದಲೂ ತೆಗೆದು ಹೋಲಿಸಬಾರದು. ಹಾಗೆ ಮಾಡಿದರೆ ರಾಗಿಯೇ ಕಡಿಮೆ ಎಂಬ ಸುಳ್ಳು ಉತ್ತರ ಬರುತ್ತದೆ. ಒಂದೇ ಪುಸ್ತಕದೊಳಗೆ ಹೋಲಿಸಿದರೆ ಎರಡರಲ್ಲೂ ರಾಗಿಯೇ ಎರಡೂವರೆ ಗ್ರಾಂನಷ್ಟು ಮುಂದಿದೆ.

ನವಣೆ 60.9ಕ್ಕೆ ಇಳಿದಿರುವುದರ ಗುಟ್ಟೂ ಇದರಲ್ಲೇ ಇದೆ. ಹಳೆಯ ಪಟ್ಟಿಯಲ್ಲಿ ನವಣೆಯ ನಾರು 8 ಗ್ರಾಂ. ಉಳಿದ ನಾಲ್ಕಕ್ಕಿಂತ ಬಹಳ ಹೆಚ್ಚು. ಕಾಳಿನ ಹೊರಪದರಗಳಲ್ಲೇ ನಾರು ಹೆಚ್ಚಿರುವುದು. ಅಂಗಡಿಯಲ್ಲಿ ಸಿಗುವ ನವಣೆ ಅಕ್ಕಿಯನ್ನು ಹೊಟ್ಟು ತೆಗೆದು, ಕೆಲವೊಮ್ಮೆ ಪಾಲಿಶ್ ಕೂಡ ಮಾಡಿರುತ್ತಾರೆ. ಹಾಗೆ ನಾರು ಹೋದಷ್ಟೂ 100 ಗ್ರಾಂನಲ್ಲಿ ಪಿಷ್ಟದ ಪಾಲು ಏರುತ್ತದೆ. ಬಿಳಿಚಿಕೊಂಡು ನುಣುಪಾಗಿ ಹೊಳೆಯುವ ನವಣೆಗೆ 60.9 ಎಂಬ ಅಂಕಿಯನ್ನು ಹಾಗೇ ಹಚ್ಚುವಂತಿಲ್ಲ.

ಇನ್ನು ಪ್ರೋಟೀನ್. ಅಜ್ಜಂದಿರೇ, ನೀವು ಶಾಲೆಯಲ್ಲಿ ಇದನ್ನು ಏನೆಂದು ಓದಿದ್ದಿರಿ, ನೆನಪಿದೆಯೇ? "ಸಸಾರಜನಕ". ಸಾರಜನಕ ಎಂದರೆ ನೈಟ್ರೋಜನ್. ಸಾರಜನಕ ಉಳ್ಳದ್ದು ಸಸಾರಜನಕ. ಈ ಹಳೆಯ ಕನ್ನಡ ಪದದಲ್ಲೇ ಪ್ರೋಟೀನ್ ಅಳೆಯುವ ವಿಧಾನ ಅಡಗಿದೆ. ಪಿಷ್ಟದಲ್ಲಿ ಸಾರಜನಕ ಇಲ್ಲ, ಎಣ್ಣೆಯಲ್ಲೂ ಇಲ್ಲ, ಪ್ರೋಟೀನಿನಲ್ಲಿ ಇದೆ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ಇದನ್ನೇ ಹಿಡಿದು ಒಂದು ದಾರಿ ಕಂಡುಕೊಂಡ. ಆತ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಒಂದು ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಕಾಳಿನ ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಹೊರತೆಗೆದು ಅಳೆಯುವುದು ಆತನ ವಿಧಾನ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. 100ನ್ನು 16ರಿಂದ ಭಾಗಿಸಿದರೆ 6.25. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್ ಬರುತ್ತದೆ. ಗೋಧಿಗೆ ಈ ಗುಣಕ ಸ್ವಲ್ಪ ಚಿಕ್ಕದು. 100 ಗ್ರಾಂ ರಾಗಿಯಲ್ಲಿ ಸಿಗುವ ಸಾರಜನಕ ಸುಮಾರು 1.17 ಗ್ರಾಂ. ಗುಣಿಸಿ ನೋಡಿ, 7.3 ಬರುತ್ತದೆ.

ಆಮ್ಲ ಇಲ್ಲದೆಯೂ ಅಡುಗೆಮನೆಯಲ್ಲೇ ಗೋಧಿಯ ಪ್ರೋಟೀನನ್ನು ಕಣ್ಣಾರೆ ಕಾಣಬಹುದು. ಒಂದು ಹಿಡಿ ಗೋಧಿ ಹಿಟ್ಟನ್ನು ಚಪಾತಿಗೆ ಕಲಸುವಂತೆ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒಂದು ಪಾತ್ರೆ ನೀರಿನೊಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಾ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪೇ ಪಿಷ್ಟ. ನೀರು ಬದಲಿಸುತ್ತಾ ಹಿಸುಕಿದರೆ ಕೊನೆಗೆ ಅಂಗೈಯಲ್ಲಿ ರಬ್ಬರಿನ ಹಾಗೆ ಎಳೆದಾಡುವ ಸಣ್ಣ ಉಂಡೆ ಉಳಿಯುತ್ತದೆ, ಮೈಗೆಲ್ಲ ಬೂಸಾ ಅಂಟಿಕೊಂಡಿರುತ್ತದೆ. ಅದು ಗ್ಲುಟೆನ್, ಗೋಧಿಯ ಮುಖ್ಯ ಪ್ರೋಟೀನ್. ಇದೇ ಆಟವನ್ನು ರಾಗಿ ಹಿಟ್ಟಿನಲ್ಲಿ ಆಡಿದರೆ ಎಲ್ಲವೂ ಕರಗಿದಂತಾಗಿ ನೀರು ಪಾಲಾಗುತ್ತದೆ, ಕೈಯಲ್ಲಿ ಉಂಡೆ ಉಳಿಯುವುದಿಲ್ಲ. ರಾಗಿಯಲ್ಲಿ ಪ್ರೋಟೀನ್ ಇಲ್ಲವೆಂದು ಇದರ ಅರ್ಥವಲ್ಲ. ಅದರ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುವ ಜಾತಿಯದಲ್ಲ, ಅಷ್ಟೇ. ಅದಕ್ಕೇ ಗೋಧಿಯನ್ನು ತಣ್ಣೀರಲ್ಲಿ ಕಲಸಿ ತೆಳ್ಳಗೆ ಲಟ್ಟಿಸಬಹುದು. ಜೋಳಕ್ಕೂ ಸಜ್ಜೆಗೂ ಬಿಸಿನೀರು ಬೇಕು, ರೊಟ್ಟಿಯನ್ನು ಕೈಯಲ್ಲಿ ತಟ್ಟಬೇಕು. ಬಿಸಿನೀರಿಗೆ ಪಿಷ್ಟವೇ ಉಬ್ಬಿ ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಮುದ್ದೆ ತಿರುವುವುದೂ ಇದೇ ಉಪಾಯ.

ಈಗ ತಾತನ ತಟ್ಟೆಗೆ ಬರೋಣ. ಈ ಕಾಗದ ಓದಿದ ಮೇಲೆ ನಾನು ತಕ್ಕಡಿ ಇಟ್ಟುಕೊಂಡೇ ಅಡುಗೆಮನೆಗೆ ಹೋದೆ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 200 ಗ್ರಾಂ ನೀರಿಟ್ಟು ಒಂದು ಮುದ್ದೆ ಕಟ್ಟಿದೆ. ಸ್ವಲ್ಪ ನೀರು ಆವಿಯಾಗಿ, ಮುದ್ದೆ 280 ಗ್ರಾಂ ತೂಗಿತು. ಹಳ್ಳಿಯ ಕಡೆ ಉಣ್ಣುವ ಮುದ್ದೆಯ ಅಳತೆಯೇ ಅದು. ಇನ್ನೊಂದು ಕಡೆ 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಮೂರು ಚಪಾತಿ ಆದವು. ಬೇಯಿಸಿದ ಮೇಲೆ ಮೂರೂ ಸೇರಿ 140 ಗ್ರಾಂ.

ಗಮನಿಸಿ, ಎರಡೂ ಕಡೆ ಹಿಟ್ಟು ಅಷ್ಟೇ. ಮುದ್ದೆಯ ತೂಕ ಮಾತ್ರ ಚಪಾತಿಯ ಎರಡರಷ್ಟು. ಹೆಚ್ಚಿನದೆಲ್ಲ ನೀರು. 100 ಗ್ರಾಂ ಮುದ್ದೆಯನ್ನೂ 100 ಗ್ರಾಂ ಚಪಾತಿಯನ್ನೂ ಹೋಲಿಸಿದರೆ ಮುದ್ದೆಯಲ್ಲಿ ಸುಮಾರು 26 ಗ್ರಾಂ, ಚಪಾತಿಯಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಬರುತ್ತದೆ. ಮುದ್ದೆಯಲ್ಲಿ ಅರ್ಧದಷ್ಟೇ ಎಂದು ಹಿಗ್ಗಿಬಿಡಬಹುದು! ಆದರೆ ತಾತ ಮುದ್ದೆಯನ್ನು 100 ಗ್ರಾಂ ತೂಗಿ ಉಣ್ಣುವುದಿಲ್ಲ. ಒಂದು ಮುದ್ದೆ, ಎರಡು ಮುದ್ದೆ ಎಂದು ಎಣಿಸಿ ಉಣ್ಣುತ್ತಾರೆ. ಒಂದು ಮುದ್ದೆಯಲ್ಲಿ 72 ಗ್ರಾಂ. ಮೂರು ಚಪಾತಿಯಲ್ಲಿ 69.4 ಗ್ರಾಂ. ಹೆಚ್ಚುಕಡಿಮೆ ಸರಿಸಮ.

ಹಿಂದೆ ತಾತ ಉಣ್ಣುತ್ತಿದ್ದದ್ದು ಮೂರು ಚಪಾತಿ. ಈಗ ಎರಡು ಮುದ್ದೆ. ಅವರ ಮನೆಯ ಮುದ್ದೆಯೂ ನಾನು ಕಟ್ಟಿದಷ್ಟೇ ದೊಡ್ಡದಿದ್ದರೆ 69ರ ಜಾಗದಲ್ಲಿ 144 ಗ್ರಾಂ ಆಯಿತು. ಧಾನ್ಯ ಬದಲಿಸಿದ್ದರಿಂದ ಆದ ವ್ಯತ್ಯಾಸ ಎರಡೂವರೆ ಗ್ರಾಂ. ಇನ್ನೊಂದು ಮುದ್ದೆ ಹಾಕಿಕೊಂಡದ್ದರಿಂದ ಆದ ವ್ಯತ್ಯಾಸ 72 ಗ್ರಾಂ. ರಕ್ತಪರೀಕ್ಷೆಯಲ್ಲಿ ಕಂಡ ಏರಿಕೆಗೆ ಇದೇ ಕಾರಣವಾಗಿರುವ ಸಂಭವ ಹೆಚ್ಚು. ಯಾವ ಹಿಟ್ಟು ಎನ್ನುವುದಕ್ಕಿಂತ ಎಷ್ಟು ಹಿಟ್ಟು ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಪಿಷ್ಟ ಎಷ್ಟು ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ ಎನ್ನುವುದು ಬೇರೆ ವಿಚಾರ. ನುಣ್ಣಗೆ ಬೀಸಿ ತೆಳ್ಳಗೆ ಬೇಯಿಸಿದ ಗಂಜಿ ಬೇಗ ಜೀರ್ಣವಾಗುತ್ತದೆ. ಸೊಪ್ಪು, ಕಾಳು ಜೊತೆಗಿದ್ದರೆ ನಿಧಾನವಾಗುತ್ತದೆ. 100 ಗ್ರಾಂನ ಪಟ್ಟಿ ಈ ವೇಗವನ್ನು ತೋರಿಸುವುದಿಲ್ಲ, ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತದೆ. ಹಾಗಾಗಿ ತಾತ ಮಾಡಬೇಕಾದದ್ದು ಇಷ್ಟು. ಒಂದು ಹೊತ್ತಿಗೆ ಎಷ್ಟು ಗ್ರಾಂ ಹಿಟ್ಟು ಉಣ್ಣುತ್ತಿದ್ದೇನೆ ಎಂದು ತೂಗಿಸಿ, ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು. ಲೆಕ್ಕ ನೋಡಿ ಗಾಬರಿಯಾಗಿ ಒಂದೇ ದಿನಕ್ಕೆ ಊಟ ಅರ್ಧ ಮಾಡುವುದು, ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಬೇಡ. ಮಾತ್ರೆ ಅಷ್ಟೇ ಇದ್ದು ಊಟ ದಿಢೀರನೆ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಹಾಗಾದರೆ ರಾಗಿಯ ಹಿರಿಮೆ ಎಲ್ಲಿದೆ? ಅದು ನಮ್ಮ ಎರಡು ಕಂಬಸಾಲಿನ ಹೊರಗಿದೆ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅದೇ ಪಟ್ಟಿಯ ಗೋಧಿ ಹಿಟ್ಟಿನಲ್ಲಿ 48. ಅಜ್ಜಿಯ ಮೂಳೆಗೂ ಮೊಮ್ಮಗಳ ಹಲ್ಲಿಗೂ ಬೇಕಾದದ್ದು ಅದು. ಆದರೆ ಪ್ರೋಟೀನಿನಲ್ಲಿ ಮಾತ್ರ ಐವರಲ್ಲಿ ರಾಗಿಯೇ ಕೊನೆಯವಳು. ನವಣೆ, ಗೋಧಿ, ಸಜ್ಜೆ ಮೂವರೂ ಹತ್ತಿರ ಹತ್ತಿರ ಮುಂದೆ ನಿಂತಿದ್ದಾರೆ. ಅವರ ಹಿಂದೆ ಜೋಳ.

ಈ ಕೊರತೆಯನ್ನು ತುಂಬುವುದು ಸಾರು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಸುಮಾರು 32 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ನಮ್ಮ ದೇಶದ ಶಿಫಾರಸು. 80 ಗ್ರಾಂ ಹಿಟ್ಟಿನ ಮುದ್ದೆಯಿಂದ ಸಿಗುವುದು 5.8 ಗ್ರಾಂ. ಅದರ ಜೊತೆಗಿನ ಸಾರಿನಲ್ಲಿ ನಿಮ್ಮ ಪಾಲಿಗೆ 30 ಗ್ರಾಂ ತೊಗರಿಬೇಳೆ ಬಿದ್ದಿದ್ದರೆ ಇನ್ನೂ 6.7 ಗ್ರಾಂ ಸೇರುತ್ತದೆ. ಒಂದು ಹಿಡಿ ಬೇಳೆ ಒಂದು ಮುದ್ದೆಗಿಂತ ಹೆಚ್ಚು ಪ್ರೋಟೀನ್ ಕೊಟ್ಟಿತು!

ಇಷ್ಟೇ ಅಲ್ಲ. ಪ್ರೋಟೀನ್ ಎಂದರೆ ಮಣಿಸರ ಇದ್ದಂತೆ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳಿಂದ ಪೋಣಿಸಿದ್ದು. ಕೆಲವು ಮಣಿಗಳನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಅವುಗಳಲ್ಲಿ ಒಂದು ಲೈಸಿನ್. ನಮ್ಮ ಐದೂ ಧಾನ್ಯಗಳಲ್ಲಿ ಲೈಸಿನ್ ಮಣಿ ಕಡಿಮೆ. ತೊಗರಿ, ಅವರೆ, ಹುರುಳಿ, ಹೆಸರು ಇವುಗಳಲ್ಲಿ ಧಾರಾಳವಾಗಿದೆ. ಬೇಳೆಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಮಣಿಯನ್ನು ಧಾನ್ಯ ತುಂಬಿಕೊಡುತ್ತದೆ. ಕೆಲ್ಡಾಲನ ವಿಧಾನ ಸಾರಜನಕವನ್ನು ಅಳೆಯುತ್ತದೆಯೇ ಹೊರತು ಯಾವ ಮಣಿ ಎಷ್ಟು ಎಂದು ಹೇಳುವುದಿಲ್ಲ. ಆದ್ದರಿಂದ ನವಣೆಯ 12.3 ಕೂಡ ಕಾಳಿನ ನೆರವಿಲ್ಲದೆ ಪೂರ್ತಿ ಪ್ರಯೋಜನಕ್ಕೆ ಬರುವುದಿಲ್ಲ. ಹಳೇ ಮೈಸೂರಿನ ಮುದ್ದೆಗೆ ಹುರುಳಿಕಾಳಿನ ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ. ಇವೆರಡೂ ಈ ಲೆಕ್ಕಕ್ಕೆ ಸರಿಯಾಗಿ ಕೂತುಕೊಳ್ಳುವ ಜೋಡಿಗಳು.

ಈ ವಾರದ ಕೆಲಸ ಇದು. ಮನೆಯಲ್ಲಿ ಹಿಟ್ಟನ್ನು ಪಾವಿನಲ್ಲೋ ಲೋಟದಲ್ಲೋ ಅಳೆಯುತ್ತಾರೆ, ಅಲ್ಲವೇ? ಪಾವು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಜರಡಿ ಹಿಡಿದು ಹಗುರವಾಗಿ ತುಂಬಿದ ಲೋಟಕ್ಕೂ ಕುಟ್ಟಿ ಕುಟ್ಟಿ ತುಂಬಿದ ಲೋಟಕ್ಕೂ ತೂಕದಲ್ಲಿ ಎಷ್ಟೋ ವ್ಯತ್ಯಾಸ. ಅಜ್ಜಿ ಎಂದಿನಂತೆ ಹಿಟ್ಟು ತುಂಬಲಿ. ಮೊಮ್ಮಕ್ಕಳು ಅದನ್ನು ತಕ್ಕಡಿಗೆ ಸುರಿದು ಗ್ರಾಂ ಎಷ್ಟು ಎಂದು ಬರೆಯಲಿ. ಎಷ್ಟು ಮುದ್ದೆ, ಎಷ್ಟು ರೊಟ್ಟಿ ಆಯಿತೆಂದು ಎಣಿಸಿ ಭಾಗಿಸಿದರೆ ಒಂದೊಂದಕ್ಕೆ ಎಷ್ಟು ಹಿಟ್ಟು ಎಂದು ತಿಳಿಯುತ್ತದೆ. ಅದನ್ನು ಮೇಲಿನ ಪಟ್ಟಿಯ ಅಂಕಿಯಿಂದ ಗುಣಿಸಿ 100ರಿಂದ ಭಾಗಿಸಿ. ಉದಾಹರಣೆಗೆ, ಒಂದು ಸಜ್ಜೆ ರೊಟ್ಟಿಗೆ 60 ಗ್ರಾಂ ಹಿಟ್ಟಾದರೆ 60 ಗುಣಿಸು 67.5 ಭಾಗಿಸು 100, ಅಂದರೆ 40.5 ಗ್ರಾಂ ಕಾರ್ಬೋಹೈಡ್ರೇಟ್. ಪ್ರೋಟೀನ್ ಸುಮಾರು 7 ಗ್ರಾಂ. ನಿಮ್ಮ ಮನೆಯ ಒಂದು ಮುದ್ದೆಯ ಲೆಕ್ಕ, ಒಂದು ರೊಟ್ಟಿಯ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಹಿಟ್ಟಿನ ಡಬ್ಬಿಯ ಮೇಲೆ ಅಂಟಿಸಿ.